ಒಂದೇ ಫೋಟೋ, ಎರಡು ಒಕ್ಕಣೆ: ಯಾವುದಕ್ಕೆ ಆರ್ಡರ್ ಜಾಸ್ತಿ ಅಂತ ಕಂಡುಹಿಡಿಯುವುದು ಹೇಗೆ

ನಮ್ಮ ವೈನಿ ಧಾರವಾಡದಲ್ಲಿ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಅಂಗಡಿ ಇಲ್ಲ. ಮಂಗಳವಾರ ಸಂಜೆ ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಒಂದು ಫೋಟೋ ಹಾಕುತ್ತಾರೆ, ಅದರ ಕೆಳಗೆ ಮೂರು ನಾಲ್ಕು ಸಾಲು ಬರೆಯುತ್ತಾರೆ. ಗುರುವಾರ ರಾತ್ರಿವರೆಗೆ ಆರ್ಡರ್ ತೆಗೆದುಕೊಂಡು, ಶುಕ್ರವಾರ ರೊಟ್ಟಿ ಬಡಿದು, ಶನಿವಾರ ತಲುಪಿಸುತ್ತಾರೆ. ಆ ನಾಲ್ಕು ಸಾಲನ್ನು ಹೇಗೆ ಬರೆದರೆ ಒಳ್ಳೆಯದು ಅಂತ ತಿಳಿಯಲು ನಾವಿಬ್ಬರೂ ಸೇರಿ ಪರೀಕ್ಷೆ ಮಾಡಿದೆವು. ಮೊದಲ ಸಲ ಪೂರ್ತಿ ತಪ್ಪು ಮಾಡಿದೆವು. ಆಮೇಲೆ ಸರಿಯಾದ ದಾರಿ ಸಿಕ್ಕಿತು. ಮನೆಯಿಂದ ಚಟ್ನಿ ಪುಡಿ, ಸೀರೆ, ಸಸಿ, ಟ್ಯೂಷನ್ ಹೀಗೆ ಏನೇ ಮಾರುವವರಿದ್ದರೂ ಇದೇ ರೀತಿ ಮಾಡಿ ನೋಡಬಹುದು.

ಮೊದಲು ತಪ್ಪನ್ನೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಜನವರಿಯ ಮೊದಲ ಮಂಗಳವಾರ ಹಳೆಯ ಒಕ್ಕಣೆ ಕಳಿಸಿದೆವು. ಮುಂದಿನ ಮಂಗಳವಾರ ಅದೇ ಫೋಟೋಗೆ ಹೊಸ ಒಕ್ಕಣೆ. ಆರ್ಡರ್ ಹೆಚ್ಚುಕಡಿಮೆ ಎರಡರಷ್ಟಾಯಿತು! ಹೊಸದೇ ಗೆದ್ದಿತು ಅಂತ ಖುಷಿಪಟ್ಟೆವು. ಮೂರನೇ ವಾರ ಅದೇ ಹೊಸ ಒಕ್ಕಣೆಗೆ ಆರ್ಡರ್ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು. ಕಾರಣ ಆಮೇಲೆ ಹೊಳೆಯಿತು. ನಡುವಿನ ವಾರ ಸಂಕ್ರಾಂತಿ ಇತ್ತು. ನಮ್ಮ ಕಡೆ ಭೋಗಿಗೆ ರೊಟ್ಟಿ ಬೇಕೇ ಬೇಕು. ಆರ್ಡರ್ ತಂದದ್ದು ಹಬ್ಬ, ಹೆಸರು ಬಂದದ್ದು ನಮ್ಮ ಬರಹಕ್ಕೆ.

ಈ ವಾರ ಒಂದು, ಮುಂದಿನ ವಾರ ಇನ್ನೊಂದು ಅಂತ ಹೋಲಿಸಿದರೆ ಇದೇ ಆಗುತ್ತದೆ. ಹಬ್ಬ, ಸಂಬಳದ ದಿನ, ಮಳೆ, ಕ್ರಿಕೆಟ್ ಮ್ಯಾಚ್ ಎಲ್ಲವೂ ಒಕ್ಕಣೆಯ ಲೆಕ್ಕಕ್ಕೆ ಬಂದು ಸೇರಿಕೊಳ್ಳುತ್ತವೆ. ಹಾಗಾಗಿ ಎರಡೂ ಒಕ್ಕಣೆ ಒಂದೇ ಹೊತ್ತಿಗೆ ಹೋಗಬೇಕು, ಬೇರೆ ಬೇರೆ ಜನರಿಗೆ ಹೋಗಬೇಕು. ಆ ಜನರನ್ನು ಬೇರೆ ಮಾಡುವುದರಲ್ಲೇ ಅರ್ಧ ಕೆಲಸ ಇದೆ.

ಗ್ರಾಹಕರನ್ನು ಎರಡು ಪಾಲು ಮಾಡುವುದು

ವಾಟ್ಸಾಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ವೈನಿಯ ಹತ್ತಿರ 360 ಗ್ರಾಹಕರಿದ್ದರು. ಮೊದಲ ಪಟ್ಟಿ ತುಂಬಿದ ಮೇಲೆ ಬಂದ 104 ಜನರನ್ನು ಎರಡನೇ ಪಟ್ಟಿಗೆ ಹಾಕಿದ್ದರು. "ಎರಡು ಪಟ್ಟಿ ಹೆಂಗೂ ಅದಾವಲ್ಲ, ಒಂದಕ್ಕ ಇದು, ಇನ್ನೊಂದಕ್ಕ ಅದು ಕಳಸೂಣು" ಅಂದರು. ಕೇಳಲು ಸರಿಯಾಗಿಯೇ ಇತ್ತು. ಆದರೆ ಮೊದಲ ಪಟ್ಟಿಯಲ್ಲಿ ಇರುವವರೆಲ್ಲ ಹಳಬರು, ವರ್ಷಗಟ್ಟಲೆ ರೊಟ್ಟಿ ಒಯ್ಯುವವರು. ಎರಡನೆಯದರಲ್ಲಿ ಇರುವವರು ಹೊಸಬರು, ಒಂದು ಸಲ ತಿಂದು ಸುಮ್ಮನಾದವರೂ ಅದರಲ್ಲಿದ್ದಾರೆ. ಹಳಬರಿಗೆ ಏನು ಬರೆದು ಕಳಿಸಿದರೂ ಆರ್ಡರ್ ಬರುತ್ತದೆ, ಅಲ್ವಾ? ಅಲ್ಲಿ ಗೆಲ್ಲುವುದು ಒಕ್ಕಣೆ ಅಲ್ಲ, ಹಳೆಯ ಪರಿಚಯ.

ಹೆಸರಿನ ಅಕ್ಷರದ ಪ್ರಕಾರ ಪಾಲು ಮಾಡುವುದೂ ಬೇಡ. ಫೋನಿನಲ್ಲಿ ನಾವು ಹೆಸರು ಉಳಿಸಿಕೊಳ್ಳುವ ರೀತಿ ಹಾಗಿರುತ್ತದೆ. ವೈನಿಯ ಫೋನಿನಲ್ಲಿ 'ಬ್ಯಾಂಕ್' ಅಂತ ಶುರುವಾಗುವ ಹೆಸರೇ ಹದಿನಾಲ್ಕಿದ್ದವು, ಎಲ್ಲರೂ ಒಂದೇ ಶಾಖೆಯವರು. ಅವರೆಲ್ಲ ಒಂದೇ ಕಡೆ ಬೀಳುತ್ತಿದ್ದರು.

ನಾವು ಮಾಡಿದ್ದು ಹೀಗೆ. ಫೋನ್ ನಂಬರಿನ ಕೊನೆಯ ಅಂಕಿ ಸಮವಾಗಿದ್ದರೆ ಒಂದನೇ ಪಟ್ಟಿ, ಬೆಸವಾಗಿದ್ದರೆ ಎರಡನೇ ಪಟ್ಟಿ. ಯಾರು ಎಷ್ಟು ರೊಟ್ಟಿ ಒಯ್ಯುತ್ತಾರೆ ಅನ್ನುವುದಕ್ಕೂ ಅವರ ನಂಬರಿನ ಕೊನೆಯ ಅಂಕಿಗೂ ಏನೂ ಸಂಬಂಧ ಇಲ್ಲ. ನಮಗೆ ಬೇಕಾದದ್ದು ಅದೇ. ಸಮದ ಕಡೆ 187, ಬೆಸದ ಕಡೆ 173 ಬಂತು. ಸಮದ ಕಡೆಯಿಂದ ಏಳು ಜನರನ್ನು ಚೀಟಿ ಎತ್ತಿ ಆಚೆ ಕಳಿಸಿ, ಎರಡೂ ಕಡೆ 180 ಮಾಡಿದೆವು. ಚೀಟಿ ಎತ್ತಿದ್ದು ಯಾಕೆಂದರೆ, ನಾವೇ ಆರಿಸಿದರೆ ಗೊತ್ತಿಲ್ಲದೆಯೇ ಆರ್ಡರ್ ಮಾಡದವರನ್ನೇ ಆರಿಸುತ್ತೇವೆ.

ಇಲ್ಲಿ ಎರಡು ವಿಷಯ ನೋಡಿಕೊಳ್ಳಿ. ಒಂದೇ ಮನೆಯ ಗಂಡ ಹೆಂಡತಿ ಇಬ್ಬರೂ ಪಟ್ಟಿಯಲ್ಲಿದ್ದರೆ ಅವರನ್ನು ಒಂದೇ ಕಡೆ ಇಡಿ. ಇಲ್ಲದಿದ್ದರೆ ಇಬ್ಬರಿಗೂ ಬೇರೆ ಬೇರೆ ಒಕ್ಕಣೆ ಹೋಗಿ, ಆರ್ಡರ್ ತಂದದ್ದು ಯಾವುದು ಅಂತ ತಿಳಿಯುವುದಿಲ್ಲ. ಇನ್ನೊಂದು, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರುವವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಮುಟ್ಟುತ್ತದೆ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು `Info` ನೋಡಿದರೆ ಯಾರಿಗೆ ಮುಟ್ಟಿದೆ ಅಂತ ಗೊತ್ತಾಗುತ್ತದೆ. ನಮಗೆ ಒಂದು ಕಡೆ 168, ಇನ್ನೊಂದು ಕಡೆ 165 ಜನರಿಗೆ ಮುಟ್ಟಿತ್ತು. ಇಷ್ಟು ಹತ್ತಿರ ಇದ್ದರೆ ಸಾಕು. ಒಂದು ಕಡೆ 170, ಇನ್ನೊಂದು ಕಡೆ 120 ಇದ್ದರೆ ಪಾಲು ಮತ್ತೆ ಮಾಡಬೇಕು. ಓದಿದ್ದಾರೋ ಇಲ್ಲವೋ ಅನ್ನುವ ನೀಲಿ ಗುರುತನ್ನು ಮಾತ್ರ ನಂಬಬೇಡಿ, ಅದನ್ನು ಬಂದ್ ಮಾಡಿಟ್ಟವರು ತುಂಬಾ ಜನ ಇರುತ್ತಾರೆ.

ಒಂದೇ ಒಂದು ಕಡೆ ಬದಲಾಯಿಸಿ

ವೈನಿಯ ಹಳೆಯ ಒಕ್ಕಣೆ ಹೀಗಿತ್ತು:

ವಿಜಯಪುರದ ಬಿಳಿ ಜೋಳದ ಖಡಕ್ ರೊಟ್ಟಿ.
20 ರೊಟ್ಟಿಯ ಕಟ್ಟು 160 ರೂಪಾಯಿ. ಜೊತೆಗೆ ಶೇಂಗಾ ಚಟ್ನಿ ಕಾಲು ಕೆಜಿ 90 ರೂಪಾಯಿ.
ಶನಿವಾರ ಮನೆಗೆ ತಲುಪಿಸುತ್ತೇವೆ.
ಬೇಕಾದವರು ತಿಳಿಸಿ.

ನಾನು ಬರೆದ ಹೊಸದರಲ್ಲಿ ಮೊದಲ ಸಾಲು ಬೇರೆ ಇತ್ತು, ಬೆಲೆ ಕೊನೆಗೆ ಹೋಗಿತ್ತು, ಕೊನೆಯ ಸಾಲೂ ಬದಲಾಗಿತ್ತು. ಅದು ಗೆದ್ದಿದ್ದರೂ ಯಾವುದರಿಂದ ಗೆದ್ದಿತು ಅಂತ ಹೇಳಲು ಬರುತ್ತಿರಲಿಲ್ಲ. ಆಗ ಪೂರ್ತಿ ಒಕ್ಕಣೆಯನ್ನೇ ನಕಲು ಮಾಡುತ್ತಾ ಇರಬೇಕು, ಚಕ್ಕುಲಿ ಮಾರುವಾಗ ಅದರಲ್ಲಿ ಯಾವ ಭಾಗ ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಮೂರು ಸಾಲು ಹಾಗೇ ಬಿಟ್ಟು ಕೊನೆಯದನ್ನು ಮಾತ್ರ ಬದಲಾಯಿಸಿದೆವು. "ಬೇಕಾದವರು ತಿಳಿಸಿ" ಅನ್ನುವ ಜಾಗದಲ್ಲಿ "ಎಷ್ಟು ಕಟ್ಟು ಬೇಕು? ಬರೀ ಸಂಖ್ಯೆ ಬರೆದು ಕಳಿಸಿ" ಅಂತ ಹಾಕಿದೆವು.

ಕೊನೆಯ ಸಾಲನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ವೈನಿಗೆ ಬರುತ್ತಿದ್ದ ಉತ್ತರಗಳನ್ನು ಮೇಲಿಂದ ಕೆಳಗೆ ಓದಿ ನೋಡಿದೆ. 'ಸೂಪರ್', ಹೆಬ್ಬೆರಳು, 'ಆಮೇಲೆ ಹೇಳ್ತೀನಿ ಅಕ್ಕಾ'. ಜನರಿಗೆ ರೊಟ್ಟಿ ಇಷ್ಟವಿತ್ತು, ಆದರೆ ಏನಂತ ಉತ್ತರಿಸಬೇಕು ಅನ್ನುವಲ್ಲಿ ನಿಂತುಬಿಡುತ್ತಿದ್ದರು. ಎಲ್ಲಿ ಸಿಕ್ಕಿಕೊಳ್ಳುತ್ತಿದ್ದಾರೆ ಅಂತ ನಿಮ್ಮ ಹಳೆಯ ಚಾಟ್‌ಗಳೇ ಹೇಳುತ್ತವೆ. ಪರೀಕ್ಷೆಗೆ ಏನು ಆರಿಸಬೇಕು ಅಂತ ಅಲ್ಲಿಂದ ಹುಡುಕಿ. ಒಂದು ಎಮೋಜಿ ಹಾಕುವುದೋ ಬಿಡುವುದೋ ಅನ್ನುವಂಥ ಸಣ್ಣ ವಿಷಯಕ್ಕೆ ಈ ಶ್ರಮ ಬೇಡ, ಯಾಕೆ ಅಂತ ಲೆಕ್ಕದ ಭಾಗದಲ್ಲಿ ಹೇಳುತ್ತೇನೆ.

ಏನನ್ನು ಎಣಿಸಬೇಕು, ಯಾವಾಗ ನಿಲ್ಲಿಸಬೇಕು

ಕಳಿಸುವ ಮೊದಲೇ ಇವೆರಡನ್ನೂ ಬರೆದಿಡಿ. ಆಮೇಲೆ ತೀರ್ಮಾನಿಸಿದರೆ ನಮಗೆ ಇಷ್ಟವಾದ ಒಕ್ಕಣೆ ಗೆಲ್ಲುವ ಹಾಗೆ ನಾವೇ ಎಣಿಸಿಬಿಡುತ್ತೇವೆ.

ನಾವು ಎಣಿಸಿದ್ದು ಹಣ ಕಳಿಸಿ ಆರ್ಡರ್ ಖಚಿತ ಮಾಡಿದ ಜನರನ್ನು. ಉತ್ತರ ಕೊಟ್ಟವರನ್ನಲ್ಲ, ಕಟ್ಟುಗಳನ್ನೂ ಅಲ್ಲ. ಉತ್ತರ ಎಣಿಸಿದರೆ ಹೊಸ ಒಕ್ಕಣೆ ಸುಮ್ನೆ ಗೆಲ್ಲುತ್ತದೆ. 'ಸಂಖ್ಯೆ ಬರೆಯಿರಿ' ಅಂದ ಮೇಲೆ ಕೆಲವರು '2' ಅಂತ ಬರೆದು ಮರೆತೇಬಿಡುತ್ತಾರೆ. ಕಟ್ಟು ಎಣಿಸಿದರೆ ಇನ್ನೊಂದು ತೊಂದರೆ. ಯಾರದೋ ಮನೆಯ ಸೀಮಂತಕ್ಕೆ 25 ಕಟ್ಟು ಬೇಕಾಯಿತು ಅಂದರೆ, ಆ ಒಬ್ಬರಿಂದಲೇ ಒಂದು ಪಟ್ಟಿ ಮೇಲೆ ಹೋಗಿಬಿಡುತ್ತದೆ. ಒಬ್ಬರು ಎಷ್ಟೇ ತೆಗೆದುಕೊಳ್ಳಲಿ, ಒಂದೇ ಗೀಟು.

ನಿಲ್ಲಿಸುವ ಹೊತ್ತು ಗುರುವಾರ ರಾತ್ರಿ 10 ಗಂಟೆ. ಮೊದಲ ಒಂದು ಗಂಟೆಯಲ್ಲಿ ಒಂದು ಕಡೆ ಮುಂದಿದ್ದರೆ 'ಸಾಕು, ಇದೇ ಗೆದ್ದಿತು' ಅಂತ ಇನ್ನೊಂದು ಪಟ್ಟಿಗೂ ಅದನ್ನೇ ಕಳಿಸಲು ಕೈ ಹೋಗುತ್ತದೆ. ಅದನ್ನು ಮಾಡಬೇಡಿ. ಶುರುವಿನಲ್ಲಿ ಅಂಕಿಗಳು ಆ ಕಡೆ ಈ ಕಡೆ ತುಂಬಾ ಜೋಲಿ ಹೊಡೆಯುತ್ತವೆ. 'ರೊಟ್ಟಿ ಖಾಲಿ' ಅಂತ ಹೇಳಬೇಕಾಗಿ ಬಂದರೂ ಎರಡೂ ಪಟ್ಟಿಗೆ ಒಂದೇ ಹೊತ್ತಿಗೆ ಹೇಳಿ.

ವೈನಿ ಹಾಲಿನ ಲೆಕ್ಕ ಬರೆಯುವ ಉದ್ದ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿಕೊಂಡರು. ನಾಲ್ಕು ಗೀಟು, ಐದನೆಯದು ಅಡ್ಡ. ಯಾರು ಯಾವ ಪಟ್ಟಿ ಅಂತ ನೆನಪಿಡಬೇಕಾಗಿಲ್ಲ. ಗ್ರಾಹಕರ ಉತ್ತರ ಅವರವರ ಚಾಟ್‌ನಲ್ಲೇ ಬರುತ್ತದೆ, ಅದರ ಮೇಲೇ ಅವರಿಗೆ ಹೋದ ಒಕ್ಕಣೆ ಕಾಣುತ್ತದೆ. ಪರಿಚಯ ಇಲ್ಲದ ನಂಬರಿನಿಂದ ಆರ್ಡರ್ ಬಂದರೆ ಅದು ಯಾರೋ ಫಾರ್ವರ್ಡ್ ಮಾಡಿದ್ದು. ರೊಟ್ಟಿ ಕೊಡಿ, ಗೀಟು ಹಾಕಬೇಡಿ.

ಮೊದಲ ವಾರ: ಎರಡೂ ಕಡೆ ಒಂದೇ ಒಕ್ಕಣೆ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ್ದು ಇದೇ. ಎರಡೂ ಪಟ್ಟಿಗೆ ಹಳೆಯ ಒಕ್ಕಣೆಯನ್ನೇ ಕಳಿಸಿದೆವು, ಒಂದಕ್ಷರ ಬದಲಾಯಿಸದೆ. ವೈನಿಗೆ ಇದು ವ್ಯರ್ಥ ಅನ್ನಿಸಿತು. "ಎರಡೂ ಕಡೆ ಒಂದ ಬರದ್ರ ಒಂದ ಸಮ ಬರತದ, ಅದರಾಗ ನೋಡೂದು ಏನೈತಿ?" ಅಂದರು.

ಗುರುವಾರ ರಾತ್ರಿ ಗೀಟು ಎಣಿಸಿದಾಗ ಒಂದನೇ ಪಟ್ಟಿಯಲ್ಲಿ 11, ಎರಡನೆಯದರಲ್ಲಿ 17. ವೈನಿ ಎರಡು ಸಲ ಎಣಿಸಿದರು. ಅದೇ ಫೋಟೋ, ಅದೇ ಮಾತು, ಅದೇ ಹೊತ್ತು, ಆದರೂ ಆರು ಆರ್ಡರ್ ವ್ಯತ್ಯಾಸ. ಒಂದು ವೇಳೆ ಎರಡನೇ ಪಟ್ಟಿಗೆ ಹೊಸ ಒಕ್ಕಣೆ ಕಳಿಸಿದ್ದಿದ್ದರೆ, 'ಅರ್ಧಕ್ಕಿಂತ ಜಾಸ್ತಿ ಏರಿತು' ಅಂತ ಹೇಳಿಕೊಂಡು ತಿರುಗುತ್ತಿದ್ದೆವು. ಈ ಆರು ಬರೀ ಆಕಸ್ಮಿಕ. ಯಾರದೋ ಮನೆಗೆ ನೆಂಟರು ಬಂದಿದ್ದರು, ಯಾರೋ ಊರಲ್ಲಿರಲಿಲ್ಲ, ಅಷ್ಟೇ. ನಿಮ್ಮ ಪಟ್ಟಿಯಲ್ಲಿ ಇಂಥ ಏರಿಳಿತ ಎಷ್ಟಿರುತ್ತದೆ ಅಂತ ಕಣ್ಣಾರೆ ನೋಡಿಕೊಂಡರೆ, ಆಮೇಲೆ ಸಣ್ಣ ವ್ಯತ್ಯಾಸಕ್ಕೆ ಮೋಸ ಹೋಗುವುದಿಲ್ಲ.

ವ್ಯತ್ಯಾಸ ನಿಜವೋ ಆಕಸ್ಮಿಕವೋ

ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಎರಡೂ ಪಟ್ಟಿ ಸಮನಾಗಿದ್ದು, ಆರ್ಡರ್ ಮಾಡುವವರು ಪಟ್ಟಿಯ ಸಣ್ಣ ಭಾಗವಾಗಿದ್ದರೆ ಇದು ಸಾಕಾಗುತ್ತದೆ. ಎರಡೂ ಕಡೆಯ ಆರ್ಡರ್ ಕೂಡಿಸಿ. ಅದರ ವರ್ಗಮೂಲ ತೆಗೆಯಿರಿ. ಎರಡರಿಂದ ಗುಣಿಸಿ. ಎರಡು ಪಟ್ಟಿಯ ವ್ಯತ್ಯಾಸ ಈ ಸಂಖ್ಯೆಗಿಂತ ಜಾಸ್ತಿ ಇದ್ದರೆ ನಂಬಬಹುದು. ಕಡಿಮೆ ಇದ್ದರೆ ಆಕಸ್ಮಿಕವೂ ಆಗಿರಬಹುದು. ಒಕ್ಕಣೆಗಳಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದಾಗಲೂ ಸುಮಾರು ಇಪ್ಪತ್ತು ಸಲಕ್ಕೆ ಒಂದು ಸಲ ಈ ಗಡಿ ದಾಟುವುದುಂಟು, ಅದು ನೆನಪಿರಲಿ.

ಮೊದಲ ವಾರದ 11 ಮತ್ತು 17 ತೆಗೆದುಕೊಳ್ಳಿ. ಒಟ್ಟು 28, ವರ್ಗಮೂಲ ಸುಮಾರು 5.3, ಅದರ ಎರಡರಷ್ಟು 10.6. ನಮ್ಮ ವ್ಯತ್ಯಾಸ 6. ಗಡಿಯ ಹತ್ತಿರಕ್ಕೂ ಬರಲಿಲ್ಲ, ಬರಬಾರದಿತ್ತು ಕೂಡ.

ಗೂಗಲ್ ಶೀಟ್ಸ್ ಬಳಸುವವರು ಒಂದು ಒಕ್ಕಣೆಯ ಆರ್ಡರ್ ಅನ್ನು B2ನಲ್ಲಿ, ಇನ್ನೊಂದನ್ನು C2ನಲ್ಲಿ ಹಾಕಿ, ಪಕ್ಕದ ಚೌಕದಲ್ಲಿ ಇದನ್ನು ಬರೆಯಿರಿ. `TRUE` ಬಂದರೆ ಗಡಿ ದಾಟಿದೆ ಅಂತ ಅರ್ಥ.

```
=ABS(B2-C2)>2*SQRT(B2+C2)
```

ಈಗ ಇದರ ಇನ್ನೊಂದು ಮುಖ ನೋಡಿ. ಒಂದು ಒಕ್ಕಣೆಗೆ 12 ಆರ್ಡರ್ ಬಂದರೆ, ಒಂದೇ ಸಲದಲ್ಲಿ ಗೆಲ್ಲಲು ಇನ್ನೊಂದಕ್ಕೆ 25 ಬರಬೇಕು. 24 ಬಂದರೂ ಸಾಲದು. ಅಂದರೆ ಎರಡರಷ್ಟಕ್ಕಿಂತ ಜಾಸ್ತಿ! ಸಣ್ಣ ಪಟ್ಟಿಯಲ್ಲಿ ದೊಡ್ಡ ವ್ಯತ್ಯಾಸ ಮಾತ್ರ ಕಣ್ಣಿಗೆ ಬೀಳುತ್ತದೆ. ಎಮೋಜಿ ಪರೀಕ್ಷೆ ಬೇಡ ಅಂದದ್ದು ಇದಕ್ಕೇ. ಅದರಿಂದ ಒಂದೆರಡು ಆರ್ಡರ್ ಹೆಚ್ಚಾದರೂ ಆಕಸ್ಮಿಕದ ಗದ್ದಲದಲ್ಲಿ ಅದು ಕಾಣುವುದಿಲ್ಲ. ನಿಮ್ಮ ಹತ್ತಿರ 40 ಗ್ರಾಹಕರಷ್ಟೇ ಇದ್ದರೆ ಹಲವು ವಾರಗಳ ಲೆಕ್ಕ ಕೂಡಿಸಬೇಕಾಗುತ್ತದೆ.

ಎರಡನೇ, ಮೂರನೇ ವಾರ: ಪಟ್ಟಿ ಅದಲುಬದಲು

ಎರಡು ವಾರ ಪರೀಕ್ಷೆ ಮಾಡಿ ಒಟ್ಟು ಲೆಕ್ಕ ನೋಡೋಣ ಅಂತ ಮೊದಲೇ ತೀರ್ಮಾನಿಸಿದ್ದೆವು. ಎರಡನೇ ವಾರ ಒಂದನೇ ಪಟ್ಟಿಗೆ ಹಳೆಯದು, ಎರಡನೇ ಪಟ್ಟಿಗೆ ಹೊಸದು. ಸಂಜೆ 7 ಗಂಟೆಗೆ, ಒಂದಾದ ಮೇಲೆ ಒಂದರಂತೆ ಎರಡೇ ನಿಮಿಷದಲ್ಲಿ ಕಳಿಸಿದೆವು. ಹಳೆಯದಕ್ಕೆ 13, ಹೊಸದಕ್ಕೆ 21. ವ್ಯತ್ಯಾಸ 8, ಗಡಿ 11.7. ಸಾಲದು.

ಮೂರನೇ ವಾರ ಅದಲುಬದಲು ಮಾಡಿದೆವು. ಒಂದನೇ ಪಟ್ಟಿಗೆ ಹೊಸದು, ಎರಡನೆಯದಕ್ಕೆ ಹಳೆಯದು. ಕೊನೆಯ ಅಂಕಿ ನೋಡಿ ಪಾಲು ಮಾಡಿದರೂ ಒಂದು ಪಟ್ಟಿಗೆ ರೊಟ್ಟಿ ಪ್ರಿಯರು ಸ್ವಲ್ಪ ಜಾಸ್ತಿ ಬಿದ್ದಿರಬಹುದು. ಅದಲುಬದಲು ಮಾಡಿದರೆ ಆ ಲಾಭ ಎರಡೂ ಒಕ್ಕಣೆಗೆ ಒಂದೊಂದು ಸಲ ಸಿಗುತ್ತದೆ. ಈ ಸಲ ಹಳೆಯದಕ್ಕೆ 12, ಹೊಸದಕ್ಕೆ 23.

ಕೂಡಿಸಿದರೆ ಹಳೆಯದು 25, ಹೊಸದು 44. ಒಟ್ಟು 69, ವರ್ಗಮೂಲ 8.3, ಎರಡರಷ್ಟು 16.6. ನಮ್ಮ ವ್ಯತ್ಯಾಸ 19. ಗಡಿ ದಾಟಿತು. ಜೊತೆಗೆ ಪಟ್ಟಿ ಬದಲಾದರೂ ಎರಡೂ ವಾರ ಅದೇ ಒಕ್ಕಣೆ ಮುಂದಿತ್ತು. ಬರೀ ಒಟ್ಟು ಮೊತ್ತಕ್ಕಿಂತ ಇದು ನನಗೆ ಹೆಚ್ಚು ಧೈರ್ಯ ಕೊಟ್ಟಿತು. ಒಂದು ವಾರ ಹೊಸದು ಮುಂದೆ, ಇನ್ನೊಂದು ವಾರ ಹಳೆಯದು ಮುಂದೆ ಬಂದಿದ್ದರೆ, ಮುಂದಿರುವುದು ಒಕ್ಕಣೆ ಅಲ್ಲ, ಪಟ್ಟಿ ಇರಬಹುದು, ಇಲ್ಲವೇ ಬರೀ ಆಕಸ್ಮಿಕ. ಎರಡೂ ವಾರ ಅವೇ ಗ್ರಾಹಕರು ಇರುವುದರಿಂದ ಈ ಲೆಕ್ಕ ಅಂದಾಜಿನದು. ಗಡಿಗೆ ಒಂದರ್ಧ ಆರ್ಡರ್ ಆಚೆ ಈಚೆ ಇದ್ದರೆ ಇನ್ನೊಂದು ಸುತ್ತು ಬೇಕು ಅಂತಲೇ ತಿಳಿಯಿರಿ. ಆಗಲೂ ಒಂದು ವಾರ ಅಲ್ಲ, ಅದಲುಬದಲು ಮಾಡಿ ಎರಡು ವಾರ.

ಮಂಗಳವಾರ ರಾತ್ರಿ ಎಂಟೂ ಹತ್ತಕ್ಕೆ ಒಬ್ಬರು ಬರೀ '3' ಅಂತ ಕಳಿಸಿದ್ದನ್ನು ವೈನಿ ನನಗೆ ತೋರಿಸಿದರು. ಅವರು ಹೋದ ವರ್ಷವೆಲ್ಲ ಹೆಬ್ಬೆರಳು ಒತ್ತುತ್ತಿದ್ದವರು. ಹಾಗಂತ ಈ ಫಲಿತಾಂಶವನ್ನು ಎಲ್ಲದಕ್ಕೂ ಎಳೆಯಲು ಬರುವುದಿಲ್ಲ. ಇದು ಹೇಳುವುದು ಇಷ್ಟೇ: ವಾರ ವಾರ ಒಯ್ಯುವ, ಬೆಲೆ ಮೊದಲೇ ಗೊತ್ತಿರುವ ಪದಾರ್ಥಕ್ಕೆ, ಈ ಗ್ರಾಹಕರಲ್ಲಿ, ಉತ್ತರ ಹೇಗಿರಬೇಕು ಅಂತ ಹೇಳಿಕೊಟ್ಟರೆ ಆರ್ಡರ್ ಹೆಚ್ಚುತ್ತದೆ. ಇಳಕಲ್ ಸೀರೆ ಮಾರುವವರಿಗೆ 'ಸಂಖ್ಯೆ ಬರೆಯಿರಿ' ಕೆಲಸ ಮಾಡುತ್ತದೋ ಇಲ್ಲವೋ, ಅವರೇ ನೋಡಬೇಕು. ಅಲ್ಲಿ ಮೊದಲು ಬಣ್ಣದ ಪ್ರಶ್ನೆ ಬರುತ್ತದೆ.

ಆಮೇಲೆ ಮೊದಲ ಸಾಲನ್ನೂ ಪರೀಕ್ಷಿಸಿದೆವು. 'ವಿಜಯಪುರದ ಬಿಳಿ ಜೋಳ' ಒಂದು ಕಡೆ, 'ವಾರಗಟ್ಟಲೆ ಕೆಡದ ರೊಟ್ಟಿ' ಇನ್ನೊಂದು ಕಡೆ. ಎರಡು ವಾರಕ್ಕೆ 41 ಮತ್ತು 38. ವ್ಯತ್ಯಾಸ 3, ಗಡಿ 17.8. ಇಲ್ಲಿ ಯಾರೂ ಗೆಲ್ಲಲಿಲ್ಲ. ಇಂಥ ಫಲಿತಾಂಶವನ್ನೂ ಬರೆದಿಡಿ. ವೈನಿ ತಮಗೆ ಇಷ್ಟವಾದ ಜೋಳದ ಸಾಲನ್ನೇ ಉಳಿಸಿಕೊಂಡರು.

ಇನ್‌ಸ್ಟಾಗ್ರಾಂನಲ್ಲಿ ಆದರೆ

ಅದೇ ಫೋಟೋವನ್ನು ಬೇರೆ ಕ್ಯಾಪ್ಷನ್ ಹಾಕಿ ಎರಡು ಸಲ ಪೋಸ್ಟ್ ಮಾಡುವುದು ಪರೀಕ್ಷೆ ಆಗುವುದಿಲ್ಲ. ಯಾರಿಗೆ ತೋರಿಸಬೇಕು ಅಂತ ಪ್ರತಿ ಸಲ ಇನ್‌ಸ್ಟಾಗ್ರಾಂ ಬೇರೆಯಾಗಿ ತೀರ್ಮಾನಿಸುತ್ತದೆ. ಮೊದಲ ಸಲ ನೋಡಿದವರೇ ಎರಡನೇ ಸಲವೂ ನೋಡಿರುತ್ತಾರೆ. ಪಾಲು ಮಾಡುವ ಕೆಲಸ ನಮ್ಮ ಕೈಯಲ್ಲಿಲ್ಲ.

ಸ್ವಲ್ಪ ಹಣ ಹಾಕಿ ಜಾಹೀರಾತು ಕೊಡುವವರಿಗೆ ಮೆಟಾದ Ads Manager ಒಳಗೆ `A/B test` ಇದೆ. ಅದು ಜನರನ್ನು ತಾನೇ ಪಾಲು ಮಾಡಿ, ಒಂದು ಪಾಲಿಗೆ ಒಂದೇ ಒಕ್ಕಣೆ ತೋರಿಸುತ್ತದೆ. ಇಲ್ಲಿ ಅನೇಕರು ಜಾರುವ ಜಾಗ ಒಂದಿದೆ. `A/B test` ಬಿಟ್ಟು, ಒಂದೇ `Ad set` ಒಳಗೆ ಎರಡು ಜಾಹೀರಾತು ಹಾಕಿ ಹೋಲಿಸುತ್ತಾರೆ. ಆಗ ವ್ಯವಸ್ಥೆ ಬೇಗನೆ ಒಂದನ್ನು ಆರಿಸಿ ಹೆಚ್ಚಿನ ಹಣವನ್ನು ಅದರ ಮೇಲೆಯೇ ಖರ್ಚು ಮಾಡುತ್ತದೆ, ಇನ್ನೊಂದನ್ನು ನೋಡಿದವರೇ ಕಡಿಮೆ. ಅದು ಸೋತಿತು ಅನ್ನಲು ಬರುವುದಿಲ್ಲ. ಎರಡಕ್ಕೂ ಸಮ ಹಣ ಇಟ್ಟು, ವಾರದ ಏಳೂ ದಿನ ಸೇರುವಂತೆ ಕನಿಷ್ಠ ಒಂದು ವಾರ ಓಡಿಸಿ. ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣಿಸಿ ಉಳಿದದ್ದು `more` ಹಿಂದೆ ಹೋಗುತ್ತದೆ. ಹಾಗಾಗಿ ವೈನಿಯ ಹಾಗೆ ಕೊನೆಯ ಸಾಲನ್ನು ಪರೀಕ್ಷಿಸಲು ಹೊರಟರೆ, ಎರಡೂ ಕಡೆಯವರಿಗೆ ಕಂಡದ್ದು ಒಂದೇ ಆಗಿರುತ್ತದೆ. ಅಲ್ಲಿ ಬದಲಾಯಿಸಬೇಕಾದದ್ದು ಮೊದಲ ಸಾಲು.